ಕಾಳಿನೊಳಗೇ ಮನೆಗೆ ಬರುವ ಹುಳ

ಹೆಸರುಕಾಳಿನ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಆಷಾಢದ ಹೊತ್ತಿಗೆ ಒಳಗೆ ಕಂದು ಹುಳಗಳು ಹರಿದಾಡುತ್ತಿರುತ್ತವೆ. ಸಂದಿಯಲ್ಲಿ ನುಗ್ಗಿರಬೇಕು, ಡಬ್ಬಿ ಸರಿಯಿಲ್ಲ ಎಂದುಕೊಂಡು ಹೊಸ ಡಬ್ಬಿ ತರುತ್ತೇವೆ. ಮುಂದಿನ ವರ್ಷವೂ ಅದೇ ಕತೆ. ಹುಳ ಸಂದಿಯಲ್ಲಿ ನುಗ್ಗಿದ್ದಲ್ಲ. ಅಂಗಡಿಯಿಂದ ಕಾಳು ಬಂದ ದಿನವೇ ಅದು ಕಾಳಿನ ಹೊಟ್ಟೆಯೊಳಗೆ ಕೂತು ಮನೆಗೆ ಬಂದಿತ್ತು. ನಾವು ಭದ್ರವಾಗಿ ಮುಚ್ಚಿಟ್ಟದ್ದು ಅದನ್ನೂ ಸೇರಿಸಿಯೇ.

ಇದೊಂದು ಸಂಗತಿ ಮನಸ್ಸಿಗೆ ಬಂದರೆ ವರ್ಷದ ದಿನಸಿ ಕಾಯುವ ಕೆಲಸದ ಕ್ರಮವೇ ಬದಲಾಗುತ್ತದೆ. ಮುಚ್ಚಿಡುವುದು ಎರಡನೆಯ ಕೆಲಸ. ಒಳಗಿರುವುದನ್ನು ಮೊದಲು ಸಾಯಿಸಬೇಕು, ಅದೂ ಕಾಳು ಮನೆಗೆ ಬಂದ ಮೊದಲ ವಾರದಲ್ಲೇ.

ಹೆಸರು, ಅಲಸಂದೆ, ಕಡಲೆ, ತೊಗರಿ ಮುಂತಾದ ಇಡಿ ಕಾಳುಗಳನ್ನು ಕೊರೆಯುವ ಈ ದುಂಬಿ ಎಳ್ಳಿಗಿಂತ ತುಸು ದೊಡ್ಡದು. ಹೊಲದಲ್ಲಿ ಕಾಯಿ ಬಲಿತು ಒಣಗುವಾಗಲೇ ಹಾರಿಬಂದು ಮೊಟ್ಟೆಯಿಡುತ್ತದೆ. ಒಕ್ಕಣೆಯಾಗಿ ಕಾಳು ಚೀಲ ಸೇರಿದ ಮೇಲೆ ಅದರ ಸಂತತಿ ಕಾಳಿನ ಮೇಲೆಯೇ ನೇರವಾಗಿ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ಮುಖ ತೋರಿಸುವುದೇ ಇಲ್ಲ. ಮೊಟ್ಟೆಯ ತಳದಿಂದಲೇ ಸಿಪ್ಪೆ ಕೊರೆದು ಒಳಗಿಳಿಯುತ್ತದೆ, ಒಳಗಿನ ಬೇಳೆಯನ್ನು ತಿಂದು ಬೆಳೆಯುತ್ತದೆ, ಅಲ್ಲೇ ಕೋಶಾವಸ್ಥೆ ಕಳೆಯುತ್ತದೆ. ಬೇಸಿಗೆಯ ಬಿಸಿಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಗುಂಡಗೆ ತೂತು ಕೊರೆದು ದುಂಬಿಯಾಗಿ ಹೊರಬರುತ್ತದೆ. ಹೊರಬಂದ ದುಂಬಿ ಕಾಳು ತಿನ್ನುವುದಿಲ್ಲ. ಒಂದೆರಡು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಈ ಕೊನೆಯ ಹಂತ ಮಾತ್ರ. ನಷ್ಟವೆಲ್ಲ ಅದಕ್ಕೆ ಮೊದಲೇ ಆಗಿಹೋಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಏಪ್ರಿಲ್‌ನಲ್ಲಿ 5 ಕೆಜಿ ಹೆಸರುಕಾಳು ತಂದಿರಿ, ಅದರಲ್ಲಿ ಮೊಟ್ಟೆಯಿಡುವ ಒಂದೇ ಒಂದು ಹೆಣ್ಣು ದುಂಬಿ ಇತ್ತು ಎನ್ನಿ. ಒಂದು ಹೆಣ್ಣು ಸುಮಾರು 80 ಮೊಟ್ಟೆಯಿಡುತ್ತದೆ. ಅರ್ಧ ಹಾಳಾದವು ಎಂದರೂ ಮೇ ತಿಂಗಳಿಗೆ 40 ದುಂಬಿ, ಅದರಲ್ಲಿ 20 ಹೆಣ್ಣು. ಇದೇ ಲೆಕ್ಕದಲ್ಲಿ ಜೂನ್‌ಗೆ 800. ಅಲ್ಲಿಯವರೆಗೂ ಡಬ್ಬಿಯ ಮೇಲ್ಪದರದಲ್ಲಿ ಒಂದೆರಡು ಹುಳ ಕಂಡರೆ ಕಂಡವು, ಇಲ್ಲವಾದರೆ ಇಲ್ಲ. ಜುಲೈಗೆ 16,000! ಐದು ಕಿಲೋದಲ್ಲಿ ಇರುವುದೇ ಸುಮಾರು 1,30,000 ಕಾಳು. ಅಂದರೆ ಎಂಟು ಕಾಳಿಗೆ ಒಂದು ತೂತು. ಆಗಸ್ಟ್‌ಗೆ ತೂತಿಲ್ಲದ ಕಾಳು ಹುಡುಕಬೇಕಾಗುತ್ತದೆ. ‘ನಿನ್ನೆ ಮೊನ್ನೆ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಹುಳ ಬಿತ್ತು’ ಎಂದು ಮನೆಮನೆಯಲ್ಲೂ ಕೇಳುವ ಮಾತಿಗೆ ಕಾರಣ ಇದು. ಇದ್ದಕ್ಕಿದ್ದಂತೆ ಬಿದ್ದದ್ದಲ್ಲ, ಮೂರು ತಿಂಗಳಿಂದ ಒಳಗೊಳಗೇ ಬೆಳೆಯುತ್ತಿತ್ತು.

ಹುಳ ಹೆಚ್ಚಿದಂತೆ ಇನ್ನೊಂದು ಕೇಡು ಸೇರಿಕೊಳ್ಳುತ್ತದೆ. ಹುಳ ಉಸಿರಾಡುತ್ತದೆ, ಉಸಿರಿನೊಂದಿಗೆ ತೇವವನ್ನೂ ಶಾಖವನ್ನೂ ಬಿಡುತ್ತದೆ. ಹುಳ ಹಿಡಿದ ಚೀಲದೊಳಗೆ ಕೈಯಿಟ್ಟರೆ ಬೆಚ್ಚಗಿರುವುದು ಇದರಿಂದ. ಆ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಕಾಳು ಗಂಟುಗಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಹುಳದ ಕಾಟ ಬೇರೆ, ತೇವದ ಕಾಟ ಬೇರೆ ಎಂದು ಎಣಿಸಬಾರದು. ಒಂದು ಇನ್ನೊಂದನ್ನು ಕರೆತರುತ್ತದೆ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಸಬಹುದು. ಉತ್ತರ ಕರ್ನಾಟಕದ ಮುಂಗಾರು ಹೆಸರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೊಯ್ಲಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ವರ್ಷದ ದಿನಸಿ ತುಂಬಿಸುವಾಗ ಅಂಗಡಿಯವರು ‘ಅಕ್ಕಾ, ಹೊಸ ಮಾಲು’ ಎಂದರೂ ಆ ಹೆಸರು ಆರೇಳು ತಿಂಗಳು ಗೋದಾಮಿನಲ್ಲಿ ಕಳೆದದ್ದಿರಬಹುದು. ‘ಅಣ್ಣಾ, ಮೇಲಿಂದು ಬೇಡ, ಚೀಲದ ತಳದ್ದು ಒಂದು ಹಿಡಿ ತೋರಿಸಿ’ ಎಂದು ಕೇಳಿ. ಹುಳವಿದ್ದರೆ ಹಿಟ್ಟಿನಂಥ ಪುಡಿ ತಳದಲ್ಲಿ ಕೂತಿರುತ್ತದೆ. ಒಂದು ಹಿಡಿ ಕಾಳನ್ನು ಬಿಸಿಲಿಗೆ ಹಿಡಿದು ಒಂದೊಂದೇ ಹೊರಳಿಸಿ. ಗುಂಡು ತೂತು ಎಲ್ಲರಿಗೂ ಕಾಣುತ್ತದೆ, ಆದರೆ ನೋಡಬೇಕಾದದ್ದು ಸಿಪ್ಪೆಯ ಮೇಲೆ ಅಂಟಿದ, ಸೂಜಿಮೊನೆಯಷ್ಟು ಚಿಕ್ಕ ಬಿಳಿ ಚುಕ್ಕೆಗಳನ್ನು. ಉಗುರಿನಿಂದ ಕೆರೆದರೆ ಮಾತ್ರ ಏಳುತ್ತವೆ. ಚುಕ್ಕೆ ಗಾಜಿನಂತೆ ತಿಳಿಯಾಗಿದ್ದರೆ ಮೊಟ್ಟೆ ಇನ್ನೂ ಒಡೆದಿಲ್ಲ. ಹಾಲುಬಿಳುಪಾಗಿದ್ದರೆ ಮರಿ ಕೊರೆದ ಪುಡಿ ಮೊಟ್ಟೆಯ ಚಿಪ್ಪಿನೊಳಗೆ ತುಂಬಿಕೊಂಡಿದೆ, ಮರಿ ಈಗಾಗಲೇ ಕಾಳಿನೊಳಗಿದೆ. ಒಂದು ಹಿಡಿಯಲ್ಲಿ ಇಂಥ ನಾಲ್ಕಾರು ಕಾಳು ಕಂಡರೆ ಆ ಮಾಲು ಬಿಟ್ಟು ಬೇರೆ ನೋಡುವುದೇ ಲೇಸು.

ಒಡೆದ ಬೇಳೆಗೆ ಈ ದುಂಬಿಯ ಕಾಟ ಬಹಳ ಕಡಿಮೆ. ಮೊಟ್ಟೆ ಅಂಟಿಸಲು ಅದಕ್ಕೆ ನುಣುಪಾದ ಉಬ್ಬಿದ ಸಿಪ್ಪೆ ಬೇಕು, ಮರಿ ಬೆಳೆಯಲು ದಪ್ಪವಾದ ಕಾಳು ಬೇಕು. ವರ್ಷಕ್ಕೆ ಬೇಕಾದ ತೊಗರಿಯನ್ನು ಸುಗ್ಗಿ ಮುಗಿದ ಕೂಡಲೇ ಬೇಳೆ ಮಾಡಿಸಿಬಿಡುವ ಹಿಂದಿನವರ ಪದ್ಧತಿಯಿಂದ ಈ ಲಾಭವೂ ಇತ್ತು. ಬೇಳೆಗೆ ಬೀಳುವುದು ಹಿಟ್ಟುಹುಳ, ನೂಲು ಕಟ್ಟುವ ಪತಂಗದ ಮರಿ ಮುಂತಾದ ಬೇರೆ ಹುಳಗಳು. ಅವು ಹೆಚ್ಚಾಗಿ ಕಾಳಿನ ಹೊರಗೇ ಇರುವುದರಿಂದ ಜರಡಿಯಲ್ಲಿ ಸಿಗುತ್ತವೆ. ಇಡಿ ಕಾಳಿನ ದುಂಬಿಗೆ ಜರಡಿ ನಾಟುವುದಿಲ್ಲ.

ಒಳಗಿರುವ ಮರಿಯನ್ನು ಸಾಯಿಸುವುದು ಹೇಗೆ? ಎಲ್ಲರೂ ಮಾಡುವುದು ಬಿಸಿಲಿಗೆ ಹಾಕುವುದು. ಚಾಪೆಯ ಮೇಲೆ ಹರಡಿದ ಕಾಳು ಬಿರುಬಿಸಿಲಲ್ಲೂ ಸಾಮಾನ್ಯವಾಗಿ 45 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಓಡಾಡುವ ದುಂಬಿಗಳು ಬಿಸಿ ತಾಳದೆ ಎದ್ದು ಹೋಗುತ್ತವೆ, ನಮಗೆ ಸಮಾಧಾನವಾಗುತ್ತದೆ. ಒಳಗಿನ ಮರಿಗಳಲ್ಲಿ ಎಷ್ಟೋ ಬದುಕಿ ಉಳಿಯುತ್ತವೆ. ಬೇಕಾದದ್ದು ಇನ್ನೊಂದು ಹತ್ತು ಹದಿನೈದು ಡಿಗ್ರಿ ಮಾತ್ರ. ಕಾಳಿನ ಬಿಸಿ 57 ಡಿಗ್ರಿಗೆ ಏರಿ ಒಂದು ಗಂಟೆ ನಿಂತರೆ ಮೊಟ್ಟೆಯಿಂದ ಹಿಡಿದು ದುಂಬಿಯವರೆಗೆ ಯಾವುದೂ ಉಳಿಯುವುದಿಲ್ಲ. ಪಶ್ಚಿಮ ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ವಿಜ್ಞಾನಿಗಳು ಈ ಲೆಕ್ಕ ಹಿಡಿದು ಒಂದು ಸುಲಭದ ಉಪಾಯ ರೂಪಿಸಿದರು. ಅದು ನಮ್ಮ ಮಾಳಿಗೆಯ ಮೇಲೂ ಚೆನ್ನಾಗಿ ನಡೆಯುತ್ತದೆ.

ಏಪ್ರಿಲ್‌ನ ಮೋಡವಿಲ್ಲದ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಾಳಿಗೆಯಲ್ಲಿ ಎರಡು ಮೂರು ಗೋಣಿಚೀಲ ಹಾಸಿ. ನೆಲಕ್ಕೆ ಶಾಖ ಸೋರಿಹೋಗದಂತೆ ಇದು ತಡೆಯುತ್ತದೆ. ಅದರ ಮೇಲೆ ಕಪ್ಪು ಟಾರ್ಪಾಲು ಅಥವಾ ಕಪ್ಪು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕಾಳನ್ನು ಎರಡು ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. ಈಗ ಆಚೆ ಈಚೆ ಕಾಣುವ ತಿಳಿ ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಿ, ಸುತ್ತ ಅಂಚನ್ನು ಕೆಳಗೆ ಮಡಚಿ, ಗಾಳಿಯಾಡದಂತೆ ಕಲ್ಲು ಹೇರಿ. ಎರಡು ಮೂರು ಗಂಟೆ ಹಾಗೇ ಬಿಡಿ. ಮೇಲಿನ ಹಾಳೆಯ ಒಳಮೈಗೆ ನೀರಿನ ಹನಿ ಕಟ್ಟುವುದು ಕಾಣುತ್ತದೆ. ಅದು ಕಾಳಿನಿಂದ ಎದ್ದ ತೇವ. ಹಾಳೆ ತೆಗೆಯುವಾಗ ಆ ಹನಿ ಕಾಳಿನ ಮೇಲೆ ಸುರಿಯದಂತೆ ಒಂದು ಬದಿಯಿಂದ ಎತ್ತಿ, ಆಮೇಲೆ ಕಾಳನ್ನು ಅರ್ಧ ಗಂಟೆ ಬಯಲಿನಲ್ಲೇ ಆಡಿಸಿ. ನೆರಳಿಗೆ ತಂದು, ಕೈಗೆ ಪೂರ್ತಿ ತಣ್ಣಗೆ ತಾಗಿದ ಮೇಲೆಯೇ ತುಂಬಬೇಕು. ಬಿಸಿ ಕಾಳನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ರಾತ್ರಿ ತಗಡು ತಣ್ಣಗಾಗುತ್ತಲೇ ಒಳಗೋಡೆಗೆ ಬೆವರು ಕಟ್ಟುತ್ತದೆ. ಬೂಸ್ಟು ಮೊದಲು ಹಿಡಿಯುವುದು ಅಲ್ಲೇ. ಆರಲಿ ಎಂದು ರಾತ್ರಿಯಿಡೀ ಬಯಲಲ್ಲಿ ಬಿಡುವುದೂ ಬೇಡ, ಅದೇ ಹೊತ್ತಿನಲ್ಲಿ ಹೊಸ ದುಂಬಿ ಬಂದು ಕೂರಬಹುದು.

ಈ ಪ್ಲಾಸ್ಟಿಕ್ ಹಾಳೆಯ ಉಪಾಯ ಇಡಿ ಕಾಳಿಗೆ ಮಾತ್ರ. ಅಕ್ಕಿಯನ್ನು ಬಿರುಬಿಸಿಲಿಗೆ ಹಾಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಬಿಟ್ಟು, ಬೇಯಿಸುವಾಗ ನುಚ್ಚಾಗುತ್ತದೆ. ಸಂಬಾರ ಪದಾರ್ಥಗಳಲ್ಲಿ ಹುಳದೊಂದಿಗೆ ಪರಿಮಳವೂ ಹಾರಿಹೋಗುತ್ತದೆ. ಇವೆರಡಕ್ಕೂ, ಮಾಳಿಗೆಯಿಲ್ಲದ ಮನೆಯವರ ಎಲ್ಲ ಕಾಳಿಗೂ, ಫ್ರೀಜರ್ ಇದೆ. ಒಂದೊಂದು ಕೆಜಿಯಂತೆ ದಪ್ಪ ಕವರಿನಲ್ಲಿ ಗಾಳಿ ಹೊರಗೆ ಒತ್ತಿ ಕಟ್ಟಿ, ಒಂದು ವಾರ ಫ್ರೀಜರ್‌ನಲ್ಲಿಡಿ. ಐದು ಕಿಲೋ ಒಂದೇ ಗಂಟು ಕಟ್ಟಿದರೆ ನಡುವಿನ ಕಾಳಿಗೆ ಚಳಿ ತಲುಪಲು ದಿನಗಳೇ ಬೇಕಾಗುತ್ತವೆ. ಮುಖ್ಯವಾದ ಮಾತು, ಹೊರತೆಗೆದ ಕೂಡಲೇ ಕಟ್ಟು ಬಿಚ್ಚಬೇಡಿ. ರಾತ್ರಿಯೆಲ್ಲ ಹೊರಗಿದ್ದು ಮಾಮೂಲಿ ಬಿಸಿಗೆ ಬಂದ ಮೇಲೆ ಬಿಚ್ಚಬೇಕು. ತಣ್ಣನೆಯ ಕಾಳಿಗೆ ಹೊರಗಿನ ಗಾಳಿ ತಾಗಿದರೆ ಮೈತುಂಬ ನೀರು ಕಟ್ಟುತ್ತದೆ, ಹುಳ ಹೋದರೂ ಬೂಸ್ಟು ಬರುತ್ತದೆ.

ಇಷ್ಟಾದ ಮೇಲೆ ಹರಳೆಣ್ಣೆಯ ಸರದಿ. ಬೇಳೆಕಾಳಿಗೆ ಹರಳೆಣ್ಣೆ ಸವರಿಡುವುದು ನಮ್ಮ ಕಡೆ ಬಹಳ ಹಳೆಯ ರೂಢಿ, ಅದರ ಹಿಂದಿನ ತಿಳಿವಳಿಕೆ ಗಟ್ಟಿಯಾದದ್ದು. ಮೊಟ್ಟೆಯ ಮೇಲೆ ಎಣ್ಣೆಯ ತೆಳು ಪದರ ಕೂತರೆ ಗಾಳಿ ಸಿಗದೆ ಅದು ಸಾಯುತ್ತದೆ. ಹೊಸದಾಗಿ ಬಂದ ದುಂಬಿಗೆ ಜಾರುವ ಕಾಳಿನ ಮೇಲೆ ಮೊಟ್ಟೆ ಅಂಟಿಸಲು ಆಗುವುದಿಲ್ಲ. ಕೆಜಿಗೆ 5 ಮಿಲಿ ಸಾಕು, ಅಂದರೆ ಒಂದು ಟೀ ಚಮಚ. ಐದು ಕೆಜಿಗೆ ಐದು ಚಮಚ ಎಣ್ಣೆಯನ್ನು ಅಗಲ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತ, ಪ್ರತಿ ಕಾಳೂ ಮಿನುಗುವವರೆಗೆ ಎರಡೂ ಕೈಯಿಂದ ಉಜ್ಜಬೇಕು. ಕಡಲೆಕಾಯಿ ಎಣ್ಣೆಯೂ ಹುಳ ತಡೆಯುತ್ತದೆ, ಆದರೆ ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಹಿಡಿಯುತ್ತದೆ. ಹರಳೆಣ್ಣೆ ಅಷ್ಟು ಬೇಗ ಕೆಡುವುದಿಲ್ಲ, ಅಡುಗೆಗೆ ಮೊದಲು ಬಿಸಿನೀರಿನಲ್ಲಿ ಎರಡು ಸಲ ಉಜ್ಜಿ ತೊಳೆದರೆ ಹೋಗುತ್ತದೆ. ಎಣ್ಣೆಗೊಂದು ಮಿತಿಯಿದೆ. ಆಗಲೇ ಕಾಳಿನೊಳಗೆ ಇಳಿದು ಕೂತ ಮರಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಅದಕ್ಕೇ ಮೊದಲು ಬಿಸಿಲು ಅಥವಾ ಫ್ರೀಜರ್, ಆಮೇಲೆ ಎಣ್ಣೆ. ಹರಳೆಣ್ಣೆ ಹಚ್ಚಿದರೂ ಹುಳ ಬಂತು ಎನ್ನುವವರ ಮನೆಯಲ್ಲಿ ಈ ಮೊದಲ ಹಂತ ತಪ್ಪಿರುತ್ತದೆ.

ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದು, ಬಿತ್ತನೆ ಕಾಳಿಗೆ ಸೌದೆಯ ಬೂದಿ ಬೆರೆಸುವುದು ಕೂಡ ಒಳ್ಳೆಯ ಉಪಾಯಗಳೇ. ನುಣ್ಣನೆಯ ಪುಡಿ ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುತ್ತದೆ, ಮೈಯ ನೀರು ಆರಿ ಹುಳ ಸಾಯುತ್ತದೆ. ಬೇವಿನ ಎಲೆ, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ, ಲವಂಗ ಇವುಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಹೊರಗಿನ ಹುಳ ಹತ್ತಿರ ಬರಲು ತುಸು ಹಿಂಜರಿಯಬಹುದು, ಕಾಳಿನೊಳಗಿರುವುದಕ್ಕೆ ಏನೂ ಆಗುವುದಿಲ್ಲ. ಇಡುವುದಾದರೆ ಎಲೆ ಗರಿಗರಿಯಾಗಿ ಒಣಗಿರಲಿ. ಹಸಿ ಬೇವಿನ ಎಲೆ ಹಾಕಿದರೆ ನಾವೇ ಡಬ್ಬಿಗೆ ತೇವ ತುಂಬಿದಂತೆ.

ಈಗ ಮುಚ್ಚಿಡುವ ಕೆಲಸ. ಮುಚ್ಚುವುದಕ್ಕೆ ಮೊದಲು ಕಾಳು ಸಾಕಷ್ಟು ಒಣಗಿದೆಯೇ ಎಂದು ತಿಳಿಯಬೇಕು. ಹಲ್ಲಿನಡಿ ಇಟ್ಟು ಕಚ್ಚಿದರೆ ಟಕ್ ಎಂದು ಒಡೆಯಬೇಕು, ಚಪ್ಪಟೆಯಾಗಬಾರದು ಎಂಬುದು ರೈತರ ಪರೀಕ್ಷೆ. ಇದಕ್ಕಿಂತ ತುಸು ಖಚಿತವಾದದ್ದು ಉಪ್ಪಿನ ಪರೀಕ್ಷೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ತೇವ ಆರಿಸಿ, ತಣಿಸಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಅರ್ಧದಷ್ಟು ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಿ, ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿನ ಗೋಡೆಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ತೇವ 15 ಶೇಕಡಾಕ್ಕಿಂತ ಹೆಚ್ಚಿದೆ, ಅದನ್ನು ಇಡಲಾಗದು. ಪೂರ್ತಿ ತಳಕ್ಕೆ ಬಿದ್ದಿದ್ದರೆ ಅದಕ್ಕಿಂತ ಕಡಿಮೆಯಿದೆ. ಅಡುಗೆ ಉಪ್ಪು ನೀರೊಡೆಯುವುದು ಗಾಳಿಯ ತೇವಾಂಶ 75 ಶೇಕಡಾ ದಾಟಿದಾಗ. ಬಾಟಲಿಯೊಳಗಿನ ಗಾಳಿಗೆ ತೇವ ಕೊಡುವುದು ಕಾಳು. ಹಾಗಾಗಿ ಉಪ್ಪು ಇಲ್ಲಿ ಸಾಕ್ಷಿ ಹೇಳುತ್ತದೆ. ಆದರೆ ಬೂಸ್ಟು ಸುಮಾರು 70 ಶೇಕಡಾದಲ್ಲೇ ಬೆಳೆಯತೊಡಗುತ್ತದೆ. ವರ್ಷಕ್ಕೆ ಇಡುವ ಕಾಳಿನಲ್ಲಿ ತೇವ 10ರಿಂದ 12 ಶೇಕಡಾ ಇದ್ದರೆ ಒಳ್ಳೆಯದು. ಅದಕ್ಕೇ ಉಪ್ಪು ಅಂಟದಿದ್ದರೂ ಇನ್ನೊಂದು ಬಿಸಿಲು ತೋರಿಸಿದರೆ ನಷ್ಟವಿಲ್ಲ.

ಒಣಗಿದ ಕಾಳಿಗೆ ಪಾತ್ರೆ ಯಾವುದು ಎಂಬುದಕ್ಕಿಂತ ಅದು ಎಷ್ಟು ತುಂಬಿದೆ ಎಂಬುದು ದೊಡ್ಡದು. ಗಾಳಿಯಾಡದ ಪಾತ್ರೆಯಲ್ಲಿ ಉಳಿದ ಒಂದೆರಡು ಹುಳ ಉಸಿರಾಡಿ ಉಸಿರಾಡಿ ಅಲ್ಲಿರುವ ಆಮ್ಲಜನಕವನ್ನು ತಾವೇ ಮುಗಿಸುತ್ತವೆ. ಅದು ತೀರಾ ಇಳಿದಾಗ ತಿನ್ನುವುದು ನಿಲ್ಲಿಸುತ್ತವೆ, ಮೊಟ್ಟೆಯಿಡುವುದು ನಿಲ್ಲುತ್ತದೆ, ಕೊನೆಗೆ ಸಾಯುತ್ತವೆ. ಇದು ನಡೆಯಬೇಕಾದರೆ ಪಾತ್ರೆಯಲ್ಲಿ ಗಾಳಿ ಕಡಿಮೆಯಿರಬೇಕು, ಅಂದರೆ ಕಂಠದವರೆಗೆ ಕಾಳಿರಬೇಕು. ಅರ್ಧ ಖಾಲಿಯಿರುವ, ದಿನಾ ತೆರೆಯುವ ಡಬ್ಬಿ ಎಷ್ಟೇ ಬೆಲೆಯದ್ದಾದರೂ ಹುಳಕ್ಕೆ ಹಿತವಾದ ಮನೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರೊಂದಿಗೆ ಸೇರಿ ರೂಪಿಸಿದ ಮೂರು ಪದರದ ಚೀಲ ನಡೆಯುವುದು ಇದೇ ತತ್ವದ ಮೇಲೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರ, ಹೊರಗೊಂದು ನೇಯ್ದ ಚೀಲ, ಮೂರರ ಬಾಯಿಯನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟುವುದು. ಔಷಧಿಯ ಮಾತೇ ಇಲ್ಲ.

ನಮ್ಮ ಹಗೇವು ಕೂಡ ಇದೇ ಅಲ್ಲವೇ? ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಸುತ್ತ ದಂಟು ಹುಲ್ಲು ಹಾಸಿ, ಜೋಳವನ್ನೋ ರಾಗಿಯನ್ನೋ ಬಾಯಿತನಕ ತುಂಬಿ ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ತೆಗೆಯುವ ದಿನ ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಟ್ಟು, ಹಚ್ಚಿದ ಕಂದೀಲನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವ ಹಾಗಿರಲಿಲ್ಲ. ದೀಪವೂ ಉರಿಯದಷ್ಟು ಗಾಳಿ ಕೆಟ್ಟಿದೆ ಎಂದರೆ ಒಳಗೆ ಆಮ್ಲಜನಕ ಇಳಿದಿದೆ ಎಂದೇ ಅರ್ಥ. ಆತುರಪಟ್ಟು ಇಳಿದವರು ಉಸಿರುಗಟ್ಟಿ ಪ್ರಾಣ ಬಿಟ್ಟದ್ದೂ ಉಂಟು. ಇನ್ನು ರಾಗಿಗೆ ಹಗೇವಿನ ಹಂಗೂ ಅಷ್ಟಿಲ್ಲ. ಕಾಳಿನೊಳಗೆ ಮರಿ ಬೆಳೆಸುವ ಮೂತಿಹುಳಕ್ಕೆ ರಾಗಿಕಾಳು ತೀರಾ ಚಿಕ್ಕದು, ಒಳಗೆ ಜಾಗವೇ ಸಾಲದು. ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಇರುವುದಕ್ಕೆ ಇದು ದೊಡ್ಡ ಕಾರಣ.

ಮನೆಯ ಮಟ್ಟಿಗೆ ಎರಡು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಯೇ ಒಂದು ಪುಟ್ಟ ಹಗೇವು. ನಮ್ಮ ಐದು ಕೆಜಿ ಹೆಸರನ್ನೇ ತೆಗೆದುಕೊಳ್ಳಿ. ಇಂಥ ಒಂದು ಬಾಟಲಿಗೆ ಸುಮಾರು 1.6 ಕೆಜಿ ಹಿಡಿಯುತ್ತದೆ. ಹನಿ ತೇವವೂ ಇಲ್ಲದ ಮೂರು ಬಾಟಲಿಗಳಿಗೆ ಕಾಳು ಸುರಿಯುತ್ತ, ನೆಲಕ್ಕೆ ಕುಟ್ಟಿ ಕುಟ್ಟಿ ಕಂಠದವರೆಗೆ ತುಂಬಿ ಬಿರಡೆ ಬಿಗಿಯಿರಿ. ಉಳಿದ ಎರಡು ಹಿಡಿ ಈ ವಾರದ ಉಸಳಿಗಾಯಿತು. ಬಳಸುವಾಗ ಒಂದು ಬಾಟಲಿ ಒಡೆದರೆ ಅದು ಮುಗಿಯುವವರೆಗೆ ಉಳಿದೆರಡರ ಬಿರಡೆ ಮುಟ್ಟಬಾರದು. ಜುಲೈನಲ್ಲಿ ಮೊದಲ ಬಾಟಲಿ ತೆರೆದಾಗ ಒಂದೆರಡು ಸತ್ತ ದುಂಬಿ ಕಂಡರೆ ಗಾಬರಿಯಾಗಬೇಕಿಲ್ಲ, ಉಪಾಯ ಫಲಿಸಿದೆ ಎಂದೇ ಅರ್ಥ. ಬದುಕಿರುವ ಹುಳ ಕಂಡರೆ ಬಿರಡೆಯಲ್ಲಿ ಗಾಳಿಯಾಡುತ್ತಿದೆ. ಹುಳಿಹುಳಿ ವಾಸನೆ ಬಂದರೆ ಕಾಳು ಒಣಗುವ ಮೊದಲೇ ತುಂಬಿದ್ದಿರಿ. ಹೀಗೆ ಗಾಳಿಯಾಡದೆ ಮುಚ್ಚುವುದು ಒಣ ಕಾಳಿಗೆ ಎಷ್ಟು ಹಿತವೋ ಹಸಿ ಕಾಳಿಗೆ ಅಷ್ಟೇ ಕೇಡು.

ಖಾಲಿ ಡಬ್ಬಿಯ ಬಗ್ಗೆಯೂ ಒಂದು ಮಾತು. ಹಳೆಯ ಕಾಳು ಎರಡು ಹಿಡಿ ಉಳಿದಿರುವಾಗಲೇ ಅದರ ಮೇಲೆ ಹೊಸದನ್ನು ಸುರಿಯುವುದು ನಮ್ಮ ಅಡುಗೆಮನೆಗಳಲ್ಲಿ ಬಹಳ ಸಾಮಾನ್ಯ. ತಳದಲ್ಲಿರುವ ಆ ಎರಡು ಹಿಡಿಯಲ್ಲೇ ಹುಳದ ಬೀಜವಿರುತ್ತದೆ. ಪೂರ್ತಿ ಬರಿದು ಮಾಡಿ, ಮುಚ್ಚಳದ ತಿರುಪು, ತಗಡಿನ ಮಡಿಕೆಗಳಲ್ಲಿ ಕೂತ ಪುಡಿಯನ್ನು ಬ್ರಶ್ಶಿನಿಂದ ತೆಗೆದು, ತೊಳೆದು, ಒಣಗಿಸಿಯೇ ಮತ್ತೆ ತುಂಬಬೇಕು. ಗೋಣಿಚೀಲವಾದರೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ.

ಅಕ್ಕಿಯ ಮೂತಿಹುಳದ ದಾರಿಯೂ ಹೆಚ್ಚುಕಡಿಮೆ ಇದೇ. ಅದು ಅಕ್ಕಿಕಾಳಿನಲ್ಲಿ ಕುಳಿ ಕೊರೆದು ಮೊಟ್ಟೆಯಿಟ್ಟು, ಕುಳಿಯ ಬಾಯನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಹೊರಗೆ ಚುಕ್ಕೆಯೂ ಕಾಣದು. 25 ಕೆಜಿ ಚೀಲ ತಂದರೆ ಅಷ್ಟನ್ನೂ ಫ್ರೀಜರಿಗೆ ಹಾಕಲಾಗದು. ಚೀಲ ಬಂದ ದಿನವೇ ಅದನ್ನು ಐದೈದು ಕೆಜಿಯ ಬಿಗಿ ಮುಚ್ಚಳದ ಕ್ಯಾನುಗಳಿಗೆ ಕಂಠದವರೆಗೆ ತುಂಬಿ ಹಂಚಿಡುವುದೇ ಉತ್ತಮ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಗಾಳಿಯೇ ನೀರು ಕುಡಿದಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಕ್ಯಾನುಗಳನ್ನು ತೆರೆಯದೆ, ವಾರಕ್ಕಾಗುವಷ್ಟನ್ನು ಚಿಕ್ಕ ಡಬ್ಬಿಗೆ ತೆಗೆದುಕೊಂಡರೆ ತೇವ ಒಳಗೆ ಇಳಿಯುವುದಿಲ್ಲ. ಮಳೆಗಾಲದ ನಡುವೆ ಒಂದು ದಿನ ಬಿಸಿಲು ಬಂತೆಂದು ಎಲ್ಲವನ್ನೂ ತೆರೆದು ಹರಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸಜ್ಜೆ, ಜೋಳವನ್ನು ಕಾಳಾಗಿ ಇಡಿ. ಹಿಟ್ಟು ಮಾಡಿಸಿದ ಕೂಡಲೇ ಒಳಗಿನ ಜಿಡ್ಡಿಗೆ ಗಾಳಿ ತಾಗುತ್ತದೆ, ಸಜ್ಜೆ ಹಿಟ್ಟಂತೂ ಒಂದೆರಡು ವಾರದಲ್ಲೇ ಕಹಿಯಾಗುತ್ತದೆ.

ಸಂಬಾರ ಪದಾರ್ಥಕ್ಕೆ ಹುಳ, ತೇವದ ಜೊತೆಗೆ ಬೆಳಕೂ ಶತ್ರು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣದಿಂದ. ಆ ಕೆಂಪು ಬೆಳಕಿಗೂ ಬಿಸಿಗೂ ಮಾಸುತ್ತದೆ. ಬ್ಯಾಡಗಿಯ ಸುತ್ತಮುತ್ತ ಶೀತಲಗೃಹಗಳು ಎದ್ದಿರುವುದು ಬಹುಮಟ್ಟಿಗೆ ಈ ಬಣ್ಣ ಕಾಯುವುದಕ್ಕೆ. ಖಾರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕೊಳ್ಳುವಾಗ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜ ಗಿಲಗಿಲ ಎನ್ನಬೇಕು. ನಾಲ್ಕಾರು ಕಾಯನ್ನು ಉದ್ದಕ್ಕೆ ಹರಿದು ಒಳಗೆ ನೋಡಿ. ಹೊರಗೆ ಮಿರಮಿರ ಮಿಂಚುವ ಕಾಯಿಯೊಳಗೆ ಬೂದು ಬಣ್ಣದ ಬೂಸ್ಟು ಇರುವುದುಂಟು. ತೂಕ ಬರಲೆಂದು ನೀರು ಚಿಮುಕಿಸಿದ ಮಾಲಿನಲ್ಲಿ ಇದು ಹೆಚ್ಚು. ಇಂಥ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಸ್ಟು ಹಿಡಿದ ಮೆಣಸಿನಕಾಯಿ, ಕಡಲೆಕಾಯಿ, ಕಾಳು ಯಾವುದನ್ನೂ ಒರೆಸಿ, ತೊಳೆದು ಬಳಸಬೇಡಿ. ಎಸೆಯಿರಿ. ಒಳ್ಳೆಯ ಕಾಯನ್ನು ತೊಟ್ಟು ಮುರಿಯದೆ ಕಾಲು ಕಾಲು ಕೆಜಿಯಂತೆ ದಪ್ಪ ಕವರಿನಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿಟ್ಟರೆ ವರ್ಷ ಕಳೆದರೂ ಸಾರಿಗೆ ಅದೇ ಕೆಂಪು ಬರುತ್ತದೆ.

ಕೊತ್ತಂಬರಿ ಬೀಜ, ಅರಿಸಿನ ಕೊಂಬುಗಳಿಗೆ ಬೀಳುವ ಗುಂಡನೆಯ ಚಿಕ್ಕ ಕಂದು ಹುಳ ಮೆಣಸಿನಕಾಯಿಯನ್ನೂ ಬಿಡುವುದಿಲ್ಲ. ಒಂದು ವಾರದ ಫ್ರೀಜರ್ ಅದಕ್ಕೂ ಸಾಕು. ಪರಿಮಳ ಉಳಿಯಬೇಕೆಂದರೆ ಇಡಿಯಾಗಿ ಇಡಬೇಕು. ಕೊತ್ತಂಬರಿಯ ಸುಗಂಧ ತೈಲ ಬೀಜದೊಳಗಿನ ಪುಟ್ಟ ನಾಳಗಳಲ್ಲಿ ಬಂದಿಯಾಗಿರುತ್ತದೆ, ಕುಟ್ಟಿದ ಕ್ಷಣದಿಂದ ಹಾರತೊಡಗುತ್ತದೆ. ಹಾಗಾಗಿ ಸಾರಿನ ಪುಡಿ, ಹುಳಿಪುಡಿಯನ್ನು ಒಂದು ತಿಂಗಳಿಗಾಗುವಷ್ಟು ಮಾತ್ರ ಹುರಿದು ಮಾಡಿಕೊಂಡು, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ ಕತ್ತಲಿರುವ ಬೀರುವಿನಲ್ಲಿಡಬೇಕು. ಒಲೆಯ ಮೇಲ್ಗಡೆಯ ಹಲಗೆ ಕೈಗೆಟುಕುತ್ತದೆ ನಿಜ, ಆದರೆ ಅಲ್ಲಿ ಹಗಲೆಲ್ಲ ಬಿಸಿ, ಹಬೆ. ಕುದಿಯುವ ಪಾತ್ರೆಯ ಮೇಲೆ ಬಾಟಲಿಯನ್ನೇ ಹಿಡಿದು ಪುಡಿ ಉದುರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬಾಯೊಳಗೆ ನುಗ್ಗಿದ ಹಬೆಗೆ ಪುಡಿ ಗಂಟುಗಟ್ಟುತ್ತದೆ. ಒಣಗಿದ ಚಮಚದಿಂದ ತೆಗೆದು ಹಾಕಿ.

ಕೊನೆಯದಾಗಿ ಒಂದು ಕಳಕಳಿಯ ಮಾತು. ಅಕ್ಕಿ ಮೂಟೆಯಲ್ಲಿ ಇಡಿ, ಒಂದು ಹುಳ ಉಳಿಯುವುದಿಲ್ಲ ಎಂದು ಯಾರಾದರೂ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಕೊಟ್ಟರೆ ದಯವಿಟ್ಟು ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಗೋದಾಮುಗಳಲ್ಲಿ ತರಬೇತಿ ಪಡೆದವರು ಮುಖಕವಚ ಧರಿಸಿ, ಬಾಗಿಲು ಮುದ್ರೆ ಮಾಡಿ ಬಳಸುವ ವಸ್ತು ಅದು. ಜನರು ಮಲಗುವ ಮನೆಯಲ್ಲಿ ಅದನ್ನಿಟ್ಟು ಮಕ್ಕಳು ಪ್ರಾಣ ಕಳೆದುಕೊಂಡ ದುರಂತಗಳು ನಮ್ಮ ದೇಶದಲ್ಲಿ ನಡೆದಿವೆ. ಆ ಅನಿಲಕ್ಕೆ ಔಷಧವಿಲ್ಲ. ಬೋರಿಕ್ ಪುಡಿಯನ್ನು ತಿನ್ನುವ ಬೇಳೆಗೆ ಬೆರೆಸುವುದೂ ಸಲ್ಲದು, ಅದೂ ವಿಷವೇ. ಗುಳಿಗೆಯ ಡಬ್ಬಿ ಆಗಲೇ ಮನೆಯಲ್ಲಿದ್ದರೆ ತೆರೆಯಬೇಡಿ, ನೀರಿಗೆ ಎಸೆಯಬೇಡಿ, ಚರಂಡಿಗೆ ಹಾಕಬೇಡಿ. ವಾಸದ ಕೋಣೆಗಳಿಂದ ದೂರ, ಗಾಳಿಯಾಡುವ ಒಣ ಜಾಗದಲ್ಲಿ ಮಕ್ಕಳ ಕೈಗೆ ಸಿಗದಂತಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಫೋನ್ ಮಾಡಿ ಅದನ್ನು ಏನು ಮಾಡಬೇಕೆಂದು ಕೇಳಿ.